ಹಾವು ಕಚ್ಚಿದ ಮೇಲೆ ಮೂತ್ರ ಎಷ್ಟು ಬಂತು? ಹಾಸನ, ಚಿಕ್ಕಮಗಳೂರಿನವರು ಕಿಡ್ನಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನ ಜಿಲ್ಲೆಯಲ್ಲಿ ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯ. ಕೆಳಗಿನ ಪ್ರಶ್ನೆಗಳೆಲ್ಲ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರು ಕೇಳಿದವು. ಹೆಚ್ಚಿನವು ಹಾವಿನ ಬಗ್ಗೆಯೇ ಇವೆ. ಇಲಿ ಜ್ವರ, ಮಲೇರಿಯಾ ಕೊನೆಯಲ್ಲಿ ಬರುತ್ತವೆ.

ಹಾವು ಕಚ್ಚಿದ್ದು ಕಾಲಿಗೆ. ಅದಕ್ಕೂ ಕಿಡ್ನಿಗೂ ಏನು ಸಂಬಂಧ?

ಎಲ್ಲ ಹಾವಿಗೂ ಸಂಬಂಧ ಇಲ್ಲ. ನಾಗರಹಾವು, ಕಟ್ಟುಹಾವು ಕಚ್ಚಿದರೆ ವಿಷ ನರಕ್ಕೆ ಹೋಗುತ್ತದೆ. ರೆಪ್ಪೆ ಜೋತು ಬೀಳುತ್ತದೆ, ಉಸಿರು ನಿಲ್ಲುತ್ತದೆ. ನಮ್ಮ ಕಡೆ ಕಿಡ್ನಿಗೆ ಕೈ ಹಾಕುವ ಮುಖ್ಯ ಹಾವು ಕೊಳಕುಮಂಡಲ. ಹೊಲದಲ್ಲಿ, ಬದುವಿನಲ್ಲಿ, ರಾಗಿ ಮೆದೆಯ ಬುಡದಲ್ಲಿ ಇಲಿ ಹುಡುಕಿಕೊಂಡು ಇರುತ್ತದೆ. ಕುಕ್ಕರಿನ ಹಬೆ ಬಿಟ್ಟ ಹಾಗೆ ಜೋರಾಗಿ ಬುಸುಗುಡುತ್ತದೆ. ಕೇಳಿದವರು ಆ ಸದ್ದು ಮರೆಯುವುದಿಲ್ಲ.

ಅದರ ವಿಷ ಮಾಡುವ ಕೆಲಸ ವಿಚಿತ್ರ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಮೈಯಲ್ಲಿ ಒಂದಷ್ಟು ಸಾಮಗ್ರಿ ಇರುತ್ತದಲ್ಲ, ಅದನ್ನೆಲ್ಲ ಈ ವಿಷ ಒಂದೇ ಸಲ ಖರ್ಚು ಮಾಡಿಸಿಬಿಡುತ್ತದೆ. ಇಡೀ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳು ಆಗುತ್ತವೆ. ಕಿಡ್ನಿಯ ಒಳಗಿನ ಕೂದಲಿನಂಥ ರಕ್ತನಾಳಗಳಲ್ಲಿ ಅವು ಸಿಕ್ಕಿಕೊಳ್ಳುತ್ತವೆ. ಸಾಮಗ್ರಿ ಮುಗಿದ ಮೇಲೆ ಉಳಿದ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಆಗ ವಸಡಿನಲ್ಲಿ, ಕಚ್ಚಿದ ಜಾಗದಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ. ಇದರ ಜೊತೆ ಬಿ.ಪಿ. ಇಳಿದರೆ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆ. ವಿಷ ನೇರವಾಗಿಯೂ ಕಿಡ್ನಿಯ ಜೀವಕೋಶಗಳನ್ನು ಸುಡುತ್ತದೆ. ಹೀಗೆ ಹಲವು ಕಡೆಯಿಂದ ಏಟು ಬೀಳುತ್ತದೆ.

ನಿಜವಾಗಿ ಹೇಗೆ ಆಗುತ್ತೆ? ಒಬ್ಬರದ್ದು ಬಿಡಿಸಿ ಹೇಳಿ.

ಯಾರದ್ದೋ ಒಬ್ಬರ ಮನೆ ವಿಷಯ ಬೇಡ. ವಾರ್ಡಿನಲ್ಲಿ ನೋಡಿದ ಹಲವರ ಕಥೆ ಸೇರಿಸಿ ಒಂದು ಮಾಡಿ ಹೇಳುತ್ತೇನೆ.

ಅರಸೀಕೆರೆ ಕಡೆಯ ರೈತ, ವಯಸ್ಸು 42, ತೂಕ 60 ಕೆ.ಜಿ. ರಾಗಿ ಕೊಯ್ಲಿನ ಸಮಯ. ಸಂಜೆ 6.30ಕ್ಕೆ ಮಬ್ಬುಗತ್ತಲಲ್ಲಿ ಕಂತೆ ಎತ್ತುವಾಗ ಎಡಗಾಲಿಗೆ ಕಚ್ಚಿತು. ಅಣ್ಣ ಬಂದು ಟವೆಲ್ಲಿನಿಂದ ಮೊಣಕಾಲ ಕೆಳಗೆ ಬಿಗಿದು ಕಟ್ಟಿದರು. ಪಕ್ಕದ ಊರಿನಲ್ಲಿ ಸೊಪ್ಪಿನ ರಸ ಕೊಡುವವರ ಹತ್ತಿರ ಹೋದರು. 9 ಗಂಟೆಗೆ ವಾಂತಿ, ಉಗುಳಿದರೆ ರಕ್ತ. ತಾಲ್ಲೂಕು ಆಸ್ಪತ್ರೆಗೆ ಬಂದಾಗ ರಾತ್ರಿ 11.30. ಕಚ್ಚಿ 5 ಗಂಟೆ ಆಗಿತ್ತು.

ಅಲ್ಲಿ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ 20 ನಿಮಿಷ ಬಿಟ್ಟರು. ಓರೆ ಮಾಡಿದರೆ ರಕ್ತ ನೀರಿನ ಹಾಗೆ ಹರಿಯಿತು. ತಕ್ಷಣ ಪ್ರತಿವಿಷ, ಅಂದರೆ ಎ.ಎಸ್.ವಿ., 10 ಬಾಟಲಿ ಸಲೈನಿಗೆ ಸೇರಿಸಿ ಒಂದು ಗಂಟೆಯಲ್ಲಿ ಹಾಕಿದರು. ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ ಕ್ರಿಯೇಟಿನಿನ್, ಆ ರಾತ್ರಿ ಅದು 0.9. ಪೂರ್ತಿ ನಾರ್ಮಲ್.

ಬೆಳಿಗ್ಗೆ 6ಕ್ಕೆ ಮತ್ತೆ ಟ್ಯೂಬ್ ಪರೀಕ್ಷೆ. ಆಗಲೂ ಹೆಪ್ಪುಗಟ್ಟಲಿಲ್ಲ, ಇನ್ನೂ 10 ಬಾಟಲಿ ಹೋಯಿತು. ಮಧ್ಯಾಹ್ನ 12ಕ್ಕೆ ನೋಡಿದಾಗ ಟ್ಯೂಬಿನ ತಳದಲ್ಲಿ ರಕ್ತ ಜೆಲ್ಲಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಮನೆಯವರಿಗೆ ಸಮಾಧಾನ.

ಆದರೆ ರಾತ್ರಿ ಪಾಳಿಯ ನರ್ಸ್ ಇನ್ನೊಂದು ಲೆಕ್ಕ ಬರೆದಿಟ್ಟಿದ್ದರು. 11.30ರಿಂದ 6ರವರೆಗೆ ಬಂದ ಮೂತ್ರ 120 ಮಿಲಿ. ಬಣ್ಣ ಹಾಲು ಹಾಕದ ಟೀ ತರಹ. 60 ಕೆ.ಜಿ. ಮನುಷ್ಯನಿಗೆ ಗಂಟೆಗೆ 30 ಮಿಲಿಯಾದರೂ ಬರಬೇಕು. ಆರೂವರೆ ಗಂಟೆಗೆ 195. ಕ್ರಿಯೇಟಿನಿನ್ ಬೆಳಿಗ್ಗೆ 1.3 ಬಂತು. ಲ್ಯಾಬ್ ಚೀಟಿಯಲ್ಲಿ ಅದು ನಾರ್ಮಲ್ ಗೆರೆಯ ಆಸುಪಾಸಿನಲ್ಲೇ ಇತ್ತು. ನರ್ಸ್ ಬರೆದ ಆ ಒಂದು ಸಾಲು ನೋಡಿ ಡಾಕ್ಟರು ಮಧ್ಯಾಹ್ನವೇ ಡಯಾಲಿಸಿಸ್ ಇರುವ ಕಡೆ ಹಾಸನಕ್ಕೆ ಕಳಿಸಿದರು.

ಮಾರನೆ ದಿನ ಕ್ರಿಯೇಟಿನಿನ್ 2.8. ಅದರ ಮಾರನೆ ದಿನ 4.9, ಪೊಟ್ಯಾಷಿಯಂ 6.1. ಮುಖ ಊದಿತ್ತು, ಮಲಗಿದರೆ ದಮ್ಮು ಕಟ್ಟುತ್ತಿತ್ತು. ಡಯಾಲಿಸಿಸ್ ಶುರುವಾಯಿತು, ಒಟ್ಟು 6 ಸಲ. 12ನೇ ದಿನ ಮೂತ್ರ ಒಂದೂವರೆ ಲೀಟರ್ ಬಂತು. ಆರು ವಾರಕ್ಕೆ ಕ್ರಿಯೇಟಿನಿನ್ 1.4ಕ್ಕೆ ಇಳಿಯಿತು.

ಮಧ್ಯಾಹ್ನ ಹಾಸನಕ್ಕೆ ಹೋಗದೆ, "ರಕ್ತ ಹೆಪ್ಪುಗಟ್ಟಿತಲ್ಲ, ಎರಡು ದಿನ ನೋಡೋಣ" ಅಂದಿದ್ದರೆ ಪೊಟ್ಯಾಷಿಯಂ 6 ದಾಟುವಾಗ ಅವರು ಡಯಾಲಿಸಿಸ್ ಇಲ್ಲದ ಜಾಗದಲ್ಲಿ ಇರುತ್ತಿದ್ದರು. ಪೊಟ್ಯಾಷಿಯಂ ಆ ಮಟ್ಟಕ್ಕೆ ಏರಿದರೆ ಮುನ್ಸೂಚನೆ ಕೊಡದೆ ಹೃದಯ ನಿಲ್ಲಬಹುದು.

ಕ್ರಿಯೇಟಿನಿನ್ ನಾರ್ಮಲ್ ಬಂತು. ಮನೆಗೆ ಹೋಗಬಹುದಾ?

ಬೇಡ. ಮನೆಯವರು ಎಡವುವುದು ಹೆಚ್ಚಾಗಿ ಇಲ್ಲೇ.

ಕ್ರಿಯೇಟಿನಿನ್ ಅಂದರೆ ನಮ್ಮ ಸ್ನಾಯುಗಳಿಂದ ದಿನವೂ ಬರುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಇವತ್ತು ರಾತ್ರಿ ಪೂರ್ತಿ ಕೆಲಸ ನಿಲ್ಲಿಸಿದರೂ ರಕ್ತದಲ್ಲಿ ಕಸ ಕಾಣುವಷ್ಟು ಸೇರಲು ಒಂದೆರಡು ದಿನ ಬೇಕು. ಬೀದಿ ಗುಡಿಸುವವರು ಇವತ್ತು ಬರಲಿಲ್ಲ ಅಂದರೆ ಬೀದಿ ಇವತ್ತೇ ಗಬ್ಬೆದ್ದು ಹೋಗುವುದಿಲ್ಲ, ಅಲ್ವಾ? ಹಾಗೆ. ಕಚ್ಚಿದ ದಿನದ 0.9 ಹೇಳುವುದು ಕಚ್ಚುವ ಮೊದಲಿನ ಕಿಡ್ನಿಯ ಕಥೆ.

ಅದಕ್ಕೇ ಒಂದು ಸಂಖ್ಯೆ ನೋಡಿ ನಿರ್ಧಾರ ಮಾಡುವುದಿಲ್ಲ, ಅದು ಏರುತ್ತಿದೆಯಾ ಅಂತ ನೋಡುತ್ತೇವೆ. 48 ಗಂಟೆಯೊಳಗೆ 0.3 ಏರಿದರೆ ಸಾಕು, ಕಿಡ್ನಿಗೆ ಹೊಸ ಪೆಟ್ಟು ಬಿದ್ದಿದೆ ಅಂತ ಅರ್ಥ. 0.9ರಿಂದ 1.3 ಅಂದರೆ 0.4. ಲ್ಯಾಬಿನವರು ಕೆಂಪು ಗುರುತು ಹಾಕದಿದ್ದರೂ ಇದು ಕೆಂಪೇ. ಮೊದಲ ದಿನದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದಿಲ್ಲದೆ ಎರಡನೆಯ ಚೀಟಿಗೆ ಅರ್ಧ ಅರ್ಥ ಮಾತ್ರ.

ಮೂತ್ರ ಅಳೆಯುವುದು ಹೇಗೆ? ನಮ್ಮ ಹತ್ತಿರ ಏನೂ ಇಲ್ಲ.

ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. 100 ಮಿಲಿಯ ಟೀ ಲೋಟದಲ್ಲಿ ನೀರು ಅಳೆದು ಹಾಕುತ್ತಾ ಪ್ರತಿ ಲೋಟಕ್ಕೂ ಪೆನ್ನಿನಲ್ಲಿ ಗೆರೆ ಹಾಕಿ. ನೀರು ಚೆಲ್ಲಿ. ಈಗ ಅದು ಅಳತೆ ಬಾಟಲಿ. ಹೆಂಗಸರಿಗೆ ಬೆಡ್‌ಪ್ಯಾನಿನಿಂದ ಅದಕ್ಕೆ ಸುರಿದುಕೊಳ್ಳಿ.

ಲೆಕ್ಕ ಹೀಗೆ. ಆರು ಗಂಟೆಯಲ್ಲಿ ಬರಬೇಕಾದ ಕನಿಷ್ಠ ಮೂತ್ರ ಅಂದರೆ ತೂಕದ ಮೂರು ಪಟ್ಟು ಮಿಲಿ. 60 ಕೆ.ಜಿ.ಗೆ 180, ಸುಮಾರು ಎರಡು ಟೀ ಲೋಟ. 50 ಕೆ.ಜಿ.ಗೆ 150. ಅದಕ್ಕಿಂತ ಕಡಿಮೆ ಬಂದರೆ ಬೆಳಗಿನ ರೌಂಡ್ಸ್ ತನಕ ಕಾಯಬೇಡಿ, ಆಗಲೇ ನರ್ಸಿಗೆ ಹೇಳಿ. "ಒಂದು ಸಲ ಹೋಗಿದ್ರು" ಅಂತ ಹೇಳಿದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಅಂತ ಹೇಳಿ, ಯಾವ ಬಣ್ಣ ಅಂತಲೂ ಹೇಳಿ. ಟೀ ಬಣ್ಣ, ಕೋಲಾ ಬಣ್ಣ, ಕೆಂಪು ಬಣ್ಣ ಕಂಡರೆ ಚೆಲ್ಲಬೇಡಿ, ತೋರಿಸಿ.

ಒಂದು ವಿಷಯ ನೆನಪಿರಲಿ. ಕೆಲವರಿಗೆ ಮೂತ್ರ ಚೀಲದಲ್ಲಿ ತುಂಬಿದ್ದರೂ ಮಲಗಿಕೊಂಡು ಮಾಡಲು ಆಗುವುದಿಲ್ಲ. ಹೊಟ್ಟೆ ಕೆಳಗೆ ಮುಟ್ಟಿದರೆ ಗಟ್ಟಿಯಾಗಿ ಸಿಗುತ್ತದೆ. ಅದು ಕಿಡ್ನಿ ತೊಂದರೆ ಅಲ್ಲ, ಒಂದು ಪೈಪು ಹಾಕಿದರೆ ಮುಗಿಯಿತು.

ಗಾಜಿನ ಟ್ಯೂಬ್ ಪರೀಕ್ಷೆ ನಂಬಬಹುದಾ? ಅಷ್ಟು ಸುಲಭವಾ?

ಸುಲಭ, ಆದರೆ ಸುಲಭವಾಗಿ ಕೆಡುತ್ತದೆ. ಟ್ಯೂಬ್ ಗಾಜಿನದ್ದೇ ಆಗಬೇಕು, ಒಣಗಿರಬೇಕು, ಹೊಸದಾಗಿರಬೇಕು. ರಕ್ತ ಹೆಪ್ಪುಗಟ್ಟಲು ಶುರುವಾಗುವುದೇ ಗಾಜಿನ ಮೇಲ್ಮೈ ತಾಗಿದ್ದರಿಂದ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪು ಹಾಕಿ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಇನ್ನೊಂದು, ಕುತೂಹಲಕ್ಕೆ ಹತ್ತನೇ ನಿಮಿಷದಲ್ಲಿ ಎತ್ತಿ ಅಲ್ಲಾಡಿಸಬಾರದು. 20 ನಿಮಿಷ ಮುಟ್ಟದೆ ಬಿಟ್ಟು ಒಂದೇ ಸಲ ಓರೆ ಮಾಡಬೇಕು. ನಾನು ಗಡಿಯಾರ ನೋಡಿಕೊಂಡು ಪಕ್ಕದಲ್ಲೇ ನಿಲ್ಲುತ್ತೇನೆ.

ಮೊದಲ ಸಲ ಹೆಪ್ಪುಗಟ್ಟಿತು ಅಂತಲೂ ಬಿಟ್ಟುಬಿಡುವಂತಿಲ್ಲ. ವಿಷ ನಿಧಾನವಾಗಿ ಏರಬಹುದು. ಅದಕ್ಕೇ ಲಕ್ಷಣ ಏನೂ ಇಲ್ಲದಿದ್ದರೂ 24 ಗಂಟೆ ಇಟ್ಟುಕೊಂಡು ಮತ್ತೆ ಮತ್ತೆ ನೋಡುತ್ತೇವೆ.

ಇಂಜೆಕ್ಷನ್ ಕೊಟ್ಟರಲ್ಲ, ಆದರೂ ಕಿಡ್ನಿ ಯಾಕೆ ಹೋಯ್ತು?

ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಆಗಲೇ ಆಗಿರುವ ಹಾನಿಯನ್ನು ಸರಿ ಮಾಡುವುದಿಲ್ಲ. ಬೆಂಕಿ ಆರಿಸಿದ ಮಾತ್ರಕ್ಕೆ ಸುಟ್ಟ ತೊಲೆ ವಾಪಸ್ ಬರುತ್ತದೆಯೇ? ನಮ್ಮ ರೈತನ ರಕ್ತ ಮಧ್ಯಾಹ್ನ 12ಕ್ಕೆ ಸರಿಯಾಯಿತು. ಕಿಡ್ನಿಗೆ ಪೆಟ್ಟು ಬಿದ್ದಿದ್ದು ಸಂಜೆ 6.30ರಿಂದ ನಡುರಾತ್ರಿಯ ಒಳಗೆ. ಆ ಐದು ಗಂಟೆಯನ್ನು ಯಾವ ಔಷಧಿಯೂ ವಾಪಸ್ ಕೊಡುವುದಿಲ್ಲ.

ಕಿಡ್ನಿ ಹೋದ ಮೇಲೆ ಜಾಸ್ತಿ ಪ್ರತಿವಿಷ ಹಾಕಿದರೆ ಸರಿಯಾಗುತ್ತದೆ ಅನ್ನುವುದೂ ತಪ್ಪು. ರಕ್ತ ಹೆಪ್ಪುಗಟ್ಟಲು ಶುರುವಾದ ಮೇಲೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ಅಂದಹಾಗೆ ಮಕ್ಕಳಿಗೂ ದೊಡ್ಡವರಷ್ಟೇ ಡೋಸ್. ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲವಲ್ಲ.

ಬಿಗಿಯಾಗಿ ಕಟ್ಟಬಾರದಾ?

ಕಟ್ಟಬಾರದು. ಕಟ್ಟಿದರೆ ಕಾಲಿಗೆ ರಕ್ತ ನಿಂತು ಕಾಲೇ ಹೋಗಬಹುದು. ಕಾಲುಂಗುರ, ಉಂಗುರ, ಉಡದಾರದಂಥ ಬಿಗಿಯಾದದ್ದೆಲ್ಲ ಊತ ಬರುವ ಮೊದಲೇ ತೆಗೆಯಿರಿ. ಮೂಳೆ ಮುರಿದಾಗ ಮಾಡುವ ಹಾಗೆ ಒಂದು ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಆಗಲೇ ಬಿಗಿದು ಕಟ್ಟಿಬಿಟ್ಟಿದ್ದರೆ ಮಾತ್ರ ದಾರಿಯಲ್ಲಿ ಧಡಕ್ಕನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಔಷಧಿ ಸಿದ್ಧ ಇಟ್ಟುಕೊಂಡು ಬಿಚ್ಚುತ್ತಾರೆ.

ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಬರುವವರೂ ಇದ್ದಾರೆ. ಸುಮ್ನೆ ಯಾಕೆ? ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದರೆ ಹಾವು ನೋಡದೆಯೇ ನಾವು ಔಷಧಿ ಶುರು ಮಾಡುತ್ತೇವೆ.

ಮೂತ್ರ ಕಮ್ಮಿ ಇದೆ, ಎಳನೀರು ಕುಡಿಸಬಹುದಾ?

ಅರಸೀಕೆರೆ, ಕಡೂರು ಕಡೆಯವರು ಕೇಳಿಯೇ ಕೇಳುತ್ತಾರೆ. ಕೇಳದೆ ಕುಡಿಸಿರುವವರೇ ಜಾಸ್ತಿ. ಮಂಚದ ಕೆಳಗೆ ಬಗ್ಗಿ ನೋಡಿದರೆ ಬುರುಡೆ ಸಿಗುತ್ತವೆ.

ಕುಡಿಸಬೇಡಿ. ಒಂದು ಎಳನೀರಿನಲ್ಲಿ ಅರ್ಧ ಗ್ರಾಮಿನ ಆಸುಪಾಸು ಪೊಟ್ಯಾಷಿಯಂ ಇರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಅದು ಮೂತ್ರದಲ್ಲಿ ಹೋಗುತ್ತದೆ. ಮೂತ್ರವೇ ಇಲ್ಲದಿದ್ದರೆ ರಕ್ತದಲ್ಲೇ ಉಳಿಯುತ್ತದೆ. ಬಾಳೆಹಣ್ಣು, ಹಣ್ಣಿನ ರಸಕ್ಕೂ ಇದೇ ಮಾತು. ನೀರು ಜಾಸ್ತಿ ಕುಡಿದರೆ ಮೂತ್ರ ಬರುತ್ತದೆ ಅನ್ನುವುದೂ ಈ ಹೊತ್ತಿಗೆ ನಿಜವಲ್ಲ. ಪೆಟ್ಟು ಬಿದ್ದ ಕಿಡ್ನಿ ಹೊರಗೆ ಹಾಕದ ನೀರು ಶ್ವಾಸಕೋಶದಲ್ಲಿ ಸೇರುತ್ತದೆ. ಎಷ್ಟು ಕುಡಿಸಬೇಕು ಅಂತ ದಿನವೂ ಕೇಳಿಕೊಂಡು ಅಷ್ಟೇ ಕೊಡಿ.

ನೋವು ತಡೆಯೋಕಾಗ್ತಿಲ್ಲ. ಡೈಕ್ಲೋ ಹಾಕಿಸಬಹುದಾ?

ಬೇಡವೇ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಔಷಧಿ ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ರಕ್ತ ಹೆಪ್ಪುಗಟ್ಟದೆ ಇರುವಾಗ ಸೊಂಟಕ್ಕೆ ಚುಚ್ಚಿದರೆ ಅಲ್ಲೇ ರಕ್ತ ತುಂಬಿ ಗಡ್ಡೆಯಾಗುತ್ತದೆ. ಪ್ಯಾರಸಿಟಮಾಲ್ ಸಾಕಾಗದಿದ್ದರೆ ಬೇರೆ ದಾರಿ ನಮ್ಮ ಹತ್ತಿರ ಇದೆ.

ಇಲಿ ಜ್ವರದಲ್ಲೂ ಕಿಡ್ನಿಗೆ ಹೀಗೇ ಆಗುತ್ತಾ?

ಆಗುತ್ತದೆ, ಆದರೆ ಅಲ್ಲಿ ನಾನು ಮೇಲೆ ಹೇಳಿದ ಬಾಟಲಿ ಲೆಕ್ಕ ಮೋಸ ಮಾಡಬಹುದು.

ನನ್ನ ಕೈಯಲ್ಲೇ ಆದ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು, ಸಣ್ಣ ಕ್ಲಿನಿಕ್ ಒಂದರಲ್ಲಿ ಕೂರುತ್ತಿದ್ದೆ. ಸಕಲೇಶಪುರ ಕಡೆಯ ಗದ್ದೆ ಕೆಲಸದವರು, ನಾಟಿ ಮುಗಿಸಿ ಹತ್ತು ದಿನ ಆಗಿತ್ತು. ಜ್ವರ, ಮೈಕೈ ನೋವು. ಮೀನಖಂಡ ಮುಟ್ಟಿದರೆ ಕಾಲು ಎಳೆದುಕೊಂಡರು. ಕಣ್ಣು ಕೆಂಪಗಿತ್ತು, ಆದರೆ ಪಿಸುರಿಲ್ಲ. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಕಾಲು ನೋವು, ನಿದ್ದೆಗೆಟ್ಟಿದ್ದಕ್ಕೆ ಕಣ್ಣು ಕೆಂಪು ಅಂದುಕೊಂಡು ವೈರಲ್ ಜ್ವರದ ಮಾತ್ರೆ ಬರೆದೆ. "ಮೂತ್ರ ಹೋಗ್ತಿದೆಯಾ" ಅಂತ ಕೇಳಿದೆ, "ಚೆನ್ನಾಗಿ ಹೋಗ್ತಿದೆ ಸಾರ್" ಅಂದರು. ಮೂರನೇ ದಿನ ಕಣ್ಣು ಅರಿಶಿನದ ಹಾಗೆ ಮಾಡಿಕೊಂಡು ಬಂದರು. ಕ್ರಿಯೇಟಿನಿನ್ 4 ದಾಟಿತ್ತು.

ಇಲಿ ಮೂತ್ರ ಬೆರೆತ ನೀರಿನಿಂದ, ಕಾಲಿನ ಬಿರುಕು, ಗಾಯದ ಮೂಲಕ ಒಳಗೆ ಹೋಗುವ ಬ್ಯಾಕ್ಟೀರಿಯಾ ಇದು. ಇದರಲ್ಲಿ ಎಷ್ಟೋ ಸಲ ಕಿಡ್ನಿ ಕೆಟ್ಟರೂ ಮೂತ್ರ ಧಾರಾಳವಾಗಿ ಬರುತ್ತಿರುತ್ತದೆ. ಕಸ ಸೋಸದೆ ಬರೀ ನೀರು ಬಿಡುತ್ತದೆ ಅನ್ನಿ. ಪೊಟ್ಯಾಷಿಯಂ ಕೂಡ ಏರುವ ಬದಲು ಇಳಿದಿರಬಹುದು. ಹಾಗಾಗಿ ಗದ್ದೆ, ತೋಟ, ಶುಂಠಿ ಹೊಲ, ಚರಂಡಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಪಿಸುರಿಲ್ಲದ ಕೆಂಪು ಕಣ್ಣು ಬಂದರೆ ಮೂತ್ರ ನೋಡಿ ಸಮಾಧಾನ ಪಡಬೇಡಿ, ಕ್ರಿಯೇಟಿನಿನ್ ಮಾಡಿಸಿ.

ಇಲಿ ಜ್ವರದ ರಕ್ತ ಪರೀಕ್ಷೆ ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು. ಅದಕ್ಕೆ ಕಾಯುವುದಿಲ್ಲ. ಸಂಶಯ ಬಂದರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ, ಏಳು ದಿನ ಕೊಡುತ್ತೇವೆ. ಕಾಯಿಲೆ ಜೋರಾಗಿದ್ದರೆ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ರಕ್ತನಾಳಕ್ಕೆ. ಮಾತ್ರೆಯನ್ನು ಅಂಗಡಿಯಲ್ಲಿ ನೀವೇ ತೆಗೆದುಕೊಳ್ಳಬೇಡಿ, ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಬೇರೆ ಔಷಧಿ ಇದೆ.

ನಮ್ಮ ಊರಲ್ಲಿ ಮಲೇರಿಯಾ ಎಲ್ಲಿದೆ?

ಊರಲ್ಲಿ ಇಲ್ಲದಿರಬಹುದು, ಜನ ಓಡಾಡುತ್ತಾರಲ್ಲ. ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದವರು, ಒಡಿಶಾ, ಜಾರ್ಖಂಡ್‌ನಿಂದ ಕಾಫಿ ತೋಟಕ್ಕೆ ಬಂದವರು. ಜ್ವರ ಅಂದ ಕೂಡಲೇ ನಾನು "ಹಿಂದಿನ ತಿಂಗಳು ಎಲ್ಲಿದ್ರಿ?" ಅಂತ ಕೇಳುತ್ತೇನೆ.

ಫಾಲ್ಸಿಪಾರಂ ಅನ್ನುವ ಜಾತಿಯ ಮಲೇರಿಯಾದಲ್ಲಿ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಅಂಟಂಟಾಗಿ ಸಣ್ಣ ನಾಳಗಳನ್ನು ಮುಚ್ಚುತ್ತವೆ. ಒಡೆದ ಕಣಗಳ ಬಣ್ಣ ಮೂತ್ರಕ್ಕೆ ಇಳಿದು ಅದು ಕೋಲಾ ಹಾಗೆ ಕಪ್ಪಾಗಬಹುದು. ಕ್ರಿಯೇಟಿನಿನ್ 3 ದಾಟಿದರೆ ಅದನ್ನು ತೀವ್ರ ಮಲೇರಿಯಾ ಅಂತಲೇ ಲೆಕ್ಕ. ಆಗ ಮಾತ್ರೆ ಸಾಲದು. ಆರ್ಟಿಸುನೇಟ್ ಇಂಜೆಕ್ಷನ್ ಬಂದ ಕೂಡಲೇ ಒಂದು, 12 ಗಂಟೆಗೆ ಒಂದು, 24 ಗಂಟೆಗೆ ಒಂದು, ಆಮೇಲೆ ದಿನಕ್ಕೊಂದು. ಬೆರಳ ತುದಿಯ ರಕ್ತದ ಕಿಟ್‌ನಲ್ಲಿ ಕಾಲು ಗಂಟೆಯಲ್ಲಿ ಗೊತ್ತಾಗುವ ಕಾಯಿಲೆ ಇದು. ತಡವಾಗುವುದು ಯಾರಿಗೂ ನೆನಪಾಗದೆ ಇರುವುದರಿಂದ.

ಡಯಾಲಿಸಿಸ್ ಒಂದು ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡೋ ಹಾಗಿಲ್ವಂತೆ?

ಈ ಮಾತಿಗೆ ಹೆದರಿ ಸಹಿ ಹಾಕದೆ ಕೂತವರನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆಯಿಂದ ವರ್ಷಗಟ್ಟಲೆ ಹಾಳಾದ ಕಿಡ್ನಿಯ ಡಯಾಲಿಸಿಸ್ ಬೇರೆ, ಇದು ಬೇರೆ. ಇಲ್ಲಿ ಕಿಡ್ನಿ ಸುಧಾರಿಸಿಕೊಳ್ಳುವ ತನಕ ಯಂತ್ರ ಅದರ ಕೆಲಸ ಮಾಡಿಕೊಡುತ್ತದೆ. ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಮೂತ್ರ ವಾಪಸ್ ಬರುತ್ತದೆ.

ಎಲ್ಲರಿಗೂ ಹಾಗಾಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಕೊಳಕುಮಂಡಲದ ವಿಷದಿಂದ ಕೆಲವರಲ್ಲಿ ಕಿಡ್ನಿಯ ಹೊರಪದರವೇ ಸತ್ತುಹೋಗುತ್ತದೆ. ಮೂರು ನಾಲ್ಕು ವಾರ ಕಳೆದರೂ ಹನಿ ಮೂತ್ರ ಬರದಿದ್ದರೆ ನಮಗೆ ಆ ಅನುಮಾನ. ಸ್ಕ್ಯಾನ್, ಬೇಕಾದರೆ ಬಯಾಪ್ಸಿ ಮಾಡಿ ನೋಡುತ್ತೇವೆ. ಅಂಥವರಿಗೆ ಡಯಾಲಿಸಿಸ್ ಮುಂದುವರಿಯಬಹುದು.

ಮೂಡಿಗೆರೆ, ಕೊಪ್ಪದ ಕಾಫಿ ತೋಟದಲ್ಲಿ ಕಚ್ಚುವ ಸಣ್ಣ ಹಾವಿಗೂ ಇದೇ ಇಂಜೆಕ್ಷನ್ನಾ?

ಇಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಸಿಗುವ ಪ್ರತಿವಿಷ ಮಾಡಿರುವುದು ನಾಲ್ಕು ಹಾವಿಗೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ತರಗೆಲೆಯಲ್ಲಿ ಇರುವ, ಮೂತಿ ಮೇಲಕ್ಕೆ ಉಬ್ಬಿದ ಗೇಣುದ್ದದ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಅದು ಕಚ್ಚಿದರೆ ಬರೀ ಊತ ಅಂತ ಹಿಂದೆ ಅಂದುಕೊಂಡಿದ್ದರು. ಕೆಲವರಿಗೆ ರಕ್ತವೂ ಕೆಡುತ್ತದೆ, ಕಿಡ್ನಿಯೂ ಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು. 20 ಬಾಟಲಿ ಹಾಕಿದರೂ ಟ್ಯೂಬಿನಲ್ಲಿ ರಕ್ತ ಹರಿಯುತ್ತಲೇ ಇದ್ದರೆ ನಾವು ಈ ಹಾವನ್ನು ನೆನೆಯುತ್ತೇವೆ. ಇಂಥ ಕಡೆ ಮಾತ್ರ ದೂರದಿಂದ ತೆಗೆದ ಮೊಬೈಲ್ ಫೋಟೋ ಒಂದಿದ್ದರೆ ಉಪಯೋಗ. ಫೋಟೋಗಾಗಿ ಹತ್ತಿರ ಹೋಗಬೇಡಿ.

ಹಾವು ಕಚ್ಚಿದ್ದನ್ನು ಸರ್ಕಾರಕ್ಕೆ ಹೇಳಬೇಕಾ?

ನೀವು ಹೇಳಬೇಕಿಲ್ಲ, ಆಸ್ಪತ್ರೆಯವರು ಹೇಳಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಪೊಲೀಸ್ ಕೇಸಿನ ಭಯದಿಂದ ತಡ ಮಾಡಬೇಡಿ.

ಮನೆಗೆ ಬಂದ ಮೇಲೆ ಏನು ನೋಡಬೇಕು?

ಮೂತ್ರ ವಾಪಸ್ ಬರುವಾಗ ಕೆಲವರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಹೋಗುತ್ತದೆ. ಆಗ ನೀರು ಕಡಿಮೆ ಕುಡಿದರೆ ಕಿಡ್ನಿಗೆ ಮತ್ತೆ ಪೆಟ್ಟು. ವಾರ್ಡಿನಲ್ಲಿ "ಕಡಿಮೆ ಕುಡಿರಿ" ಅಂದಿದ್ದನ್ನೇ ಮನೆಯಲ್ಲೂ ಪಾಲಿಸಿ ಸುಸ್ತಾಗಿ ವಾಪಸ್ ಬಂದವರಿದ್ದಾರೆ. ಬಿಡುಗಡೆಯ ದಿನ ನೀರಿನ ಲೆಕ್ಕವನ್ನು ಹೊಸದಾಗಿ ಬರೆಸಿಕೊಳ್ಳಿ.

ಆಮೇಲೆ ಒಂದು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ ಕ್ರಿಯೇಟಿನಿನ್, ಬಿ.ಪಿ. ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ನಮ್ಮ ರೈತ ಮೂರು ತಿಂಗಳಿಗೆ ಬಂದಾಗ ಕ್ರಿಯೇಟಿನಿನ್ 1.2 ಇತ್ತು, 0.9ಕ್ಕೆ ವಾಪಸ್ ಹೋಗಿರಲಿಲ್ಲ. ಬಿ.ಪಿ. ಸ್ವಲ್ಪ ಜಾಸ್ತಿ. ಚೀಟಿಯ ಮೇಲೆ ವರ್ಷಕ್ಕೊಂದು ಸಲ ಬನ್ನಿ ಅಂತ ಬರೆದುಕೊಟ್ಟೆ. ಗಂಬೂಟು ತಗೊಂಡಿದ್ದೀನಿ ಸಾರ್, ಟಾರ್ಚೂ ಇದೆ ಅಂದರು.